ಮೂವತ್ತನೆಯ ಕೆಲಸದ ದಿನ

ಮಣಿಪಾಲದ ಒಂದು ಮುದ್ರಣಾಲಯದಲ್ಲಿ ನಾನು ಎಚ್‌ಆರ್ ವಿಭಾಗದ ನೌಕರಳು. ಹಾಜರಿ, ರಜೆ, ಓವರ್‌ಟೈಮ್, ಇಷ್ಟೇ ನನ್ನ ಪಾಲಿನ ಕೆಲಸ. ನಮ್ಮ ಊರು ಕೆಮ್ಮಣ್ಣಿನಿಂದ ಬೆಳಿಗ್ಗೆ ಬಸ್ಸು ಹಿಡಿದು ಉಡುಪಿಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತುತ್ತೇನೆ. ಆ ಎರಡನೆಯ ಬಸ್ಸಿನಲ್ಲಿ ಹೆಚ್ಚಾಗಿ ಅವಳು ಸಿಗುತ್ತಿದ್ದಳು. ಕಾಪುವಿನವಳು. ನಮ್ಮಲ್ಲೇ ಬೈಂಡಿಂಗ್ ವಿಭಾಗದ ಸೂಪರ್‌ವೈಸರ್. ಹೊಲಿದು ಅಂಟಿಸಿ ಬಂದ ಪುಸ್ತಕಗಳಲ್ಲಿ ಪುಟ ಹಿಂದುಮುಂದಾಗಿದೆಯೇ ಎಂದು ನೋಡುವ ಹೆಂಗಸರ ಮೇಜು ಅವಳ ಉಸ್ತುವಾರಿಯಲ್ಲಿತ್ತು. ನನಗಿಂತ ಐದಾರು ವರ್ಷ ಚಿಕ್ಕವಳು. ಆದರೂ ನನ್ನನ್ನು ಮೇಡಂ ಎಂದೇ ಕರೆಯುತ್ತಿದ್ದಳು, ನಾನೂ ‘ನೀವು’ ಎನ್ನುತ್ತಿದ್ದೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಬರೆಯುವಾಗ ಕನ್ನಡವಾಗಿದೆ, ಅಷ್ಟೆ.

ಅವಳಿಗೆ ಇದ್ದದ್ದು ಒಬ್ಬಳು ಅಕ್ಕ. ತಾಯಿ ಬೇಗ ತೀರಿಕೊಂಡಿದ್ದರಿಂದ ಆ ಅಕ್ಕನೇ ಬ್ಲೌಸ್ ಹೊಲಿದು ಇವಳನ್ನು ಓದಿಸಿದ್ದು. ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ನಾನು ಕೇಳಿಲ್ಲ. ಹೆದ್ದಾರಿಯಿಂದ ಸ್ವಲ್ಪ ಒಳಗೆ, ಎರಡು ಕೋಣೆಯ ಹೆಂಚಿನ ಮನೆಯಲ್ಲಿ ಇದ್ದರು. ಕಳೆದ ಬೇಸಿಗೆಯಲ್ಲಿ ಅಕ್ಕನಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ಟ್ರಿಕ್ ಎಂದುಕೊಂಡು ಎರಡು ತಿಂಗಳು ಕಳೆಯಿತು. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರು ಯಕೃತ್ತಿಗೂ ಹರಡಿತ್ತು. ಡಾಕ್ಟರು ಇವಳನ್ನು ಬೇರೆಯಾಗಿ ಕೂರಿಸಿ, ‘ಅಕ್ಕನನ್ನು ಮನೆಗೆ ಕರೆದುಕೊಂಡು ಹೋಗಿ, ಮೂರು ತಿಂಗಳು ಸಿಗಬಹುದು’ ಎಂದರಂತೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಇದನ್ನು ನನಗೆ ಹೇಳಿದಳು.

“ನಾನು ಕೆಲಸ ಬಿಡುತ್ತೇನೆ ಮೇಡಂ. ಮೂರು ತಿಂಗಳು ಅವಳ ಹತ್ತಿರ ಕೂತುಕೊಳ್ಳುತ್ತೇನೆ. ಮತ್ತೆ ಎಂತ ಆಗುತ್ತದೋ ಆಗಲಿ.”

ರಾಜೀನಾಮೆ ಕೊಟ್ಟದ್ದು ಆಗಸ್ಟ್ ಹನ್ನೊಂದರಂದು, ಸೋಮವಾರ. ಆ ವಾರ ನಾನು ಮಗಳ ಬಾಣಂತನಕ್ಕೆಂದು ರಜೆಯಲ್ಲಿದ್ದೆ. ನಮ್ಮ ಮ್ಯಾನೇಜರ್ ಅದನ್ನು ಸ್ವೀಕರಿಸಿ, ಸೆಪ್ಟೆಂಬರ್ ಹದಿನಾರು, ಮಂಗಳವಾರ ನಿಮ್ಮ ಕೊನೆಯ ಕೆಲಸದ ದಿನ ಎಂದು ಪತ್ರ ಕೊಟ್ಟಿದ್ದರು. ನಾನು ವಾಪಸ್ ಬರುವಾಗ ಪತ್ರದ ಪ್ರತಿ ಫೈಲಿನೊಳಗೆ ಹೋಗಿಯಾಗಿತ್ತು.

ಮ್ಯಾನೇಜರ್ ಕಾರ್ಕಳದವರು, ಮೂವತ್ತೈದರ ಆಸುಪಾಸು. ಕೆಟ್ಟ ಮನುಷ್ಯ ಅಲ್ಲ. ಬೆಂಗಳೂರಿನ ಹೆಡ್ ಆಫೀಸಿನಲ್ಲಿ ಕೆಲವು ವರ್ಷ ಇದ್ದು ಊರಿಗೆ ಹತ್ತಿರವಾಗಲೆಂದು ಇಲ್ಲಿಗೆ ಬಂದಿದ್ದರು. ಅವಳು ಅವರ ಹತ್ತಿರ ಎರಡು ಸಲ ಹೋಗಿದ್ದಳು. ಮೊದಲ ಸಲ, ಸ್ವಲ್ಪ ಬೇಗ ಬಿಡಲಿಕ್ಕಾಗುತ್ತದೋ ಎಂದು ಕೇಳಿದಳು. ಪರೀಕ್ಷೆಯ ಉತ್ತರ ಪುಸ್ತಿಕೆಗಳ ದೊಡ್ಡ ಆರ್ಡರ್ ಬಂದಿದೆ, ಬದಲಿ ಜನ ಸಿಗದೆ ಬಿಡುವುದು ಕಷ್ಟ ಎಂದರು. ಎರಡನೆಯ ಸಲ, ನನಗೆ ರಜೆ ಉಂಟಲ್ಲ, ಅದನ್ನಾದರೂ ಕೊಡಿ ಎಂದಳು. ನೋಟಿಸ್ ಪಿರಿಯಡ್‌ನಲ್ಲಿ ರಜೆ ಇಲ್ಲ ಎಂದರು. ಅದು ನಿಯಮವೇ. ಇವಳು ಮತ್ತೆ ಕೇಳಲಿಲ್ಲ. ಹಗಲು ನೆರೆಮನೆಯ ಹೆಂಗಸೊಬ್ಬರು ಅಕ್ಕನನ್ನು ನೋಡಿಕೊಳ್ಳುತ್ತಿದ್ದರು. ಇವಳು ಬೆಳಿಗ್ಗೆ ಅಕ್ಕನಿಗೆ ಮೈ ಒರೆಸಿ, ಗಂಜಿ ಕುಡಿಸಿ, ಮಾತ್ರೆ ಕೊಟ್ಟು ಬರುತ್ತಿದ್ದಳು.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ದಿನಗಳಲ್ಲಿ ಬಸ್ಸಿನಲ್ಲಿ ಅವಳು ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದಳು. ನಿದ್ದೆ ಮಾಡಲಿ ಎಂದು ನಾನೂ ಸುಮ್ಮನಿರುತ್ತಿದ್ದೆ.

ಮೂರು ತಿಂಗಳು ಸಿಗಲಿಲ್ಲ. ಸೆಪ್ಟೆಂಬರ್ ಹದಿಮೂರು, ಶನಿವಾರ ಮಧ್ಯಾಹ್ನದ ಊಟದ ನಂತರ ಅವಳಿಗೆ ಫೋನು ಬಂದಿತು. ನೆರೆಮನೆಯವರು. ಅಕ್ಕ ಉಸಿರು ಎಳೆಯುತ್ತಿದ್ದಾಳೆ, ಬೇಗ ಬಾ ಎಂದರಂತೆ. ಬೈಂಡಿಂಗ್‌ನ ಹೆಂಗಸರು ಅವಳನ್ನು ಗೇಟಿನವರೆಗೆ ಕರೆತಂದರು. ಒಂದು ರಿಕ್ಷಾ ಹಿಡಿದು ಕೊಟ್ಟೆವು. ಮರುದಿನ ಉಡುಪಿಯ ಕೃಷ್ಣಾಷ್ಟಮಿ, ಸೋಮವಾರ ಮೊಸರುಕುಡಿಕೆಯ ಹಬ್ಬ ವಿಟ್ಲಪಿಂಡಿ. ದಾರಿಯ ಕಲ್ಸಂಕ ವೃತ್ತದಲ್ಲಿ ಆಗಲೇ ವಾಹನ ನಿಂತುಬಿಟ್ಟಿತ್ತಂತೆ. ಹುಲಿವೇಷದ ತಾಸೆ ವಾದ್ಯದ ಸದ್ದಿನ ನಡುವೆ ರಿಕ್ಷಾ ಹೆಜ್ಜೆ ಹೆಜ್ಜೆಗೆ ನಿಲ್ಲುತ್ತಾ ಹೋಯಿತು. ಅವಳು ಮನೆ ಮುಟ್ಟುವಾಗ ಅಂಗಳದಲ್ಲಿ ಜನ ಸೇರಿದ್ದರು.

ಮಂಗಳವಾರ ಅವಳು ಕೆಲಸಕ್ಕೆ ಬಂದಳು. ಇನ್ನೂ ಸೂತಕ, ಉತ್ತರಕ್ರಿಯೆಯ ಬೊಜ್ಜ ಕೂಡ ಆಗಿಲ್ಲ. ಬರಬೇಡಿ ಎಂದು ಯಾರಾದರೂ ಫೋನ್ ಮಾಡಿ ಹೇಳಬಹುದಿತ್ತು, ಯಾರಿಗೂ ಹೊಳೆಯಲಿಲ್ಲ. ಕೊನೆಯ ದಿನ ಎಂದು ಪತ್ರದಲ್ಲಿತ್ತಲ್ಲ, ಬಂದಳು. ಗುರುತಿನ ಚೀಟಿ ಒಪ್ಪಿಸಿ, ಸಹಿ ಹಾಕುವಲ್ಲೆಲ್ಲ ಸಹಿ ಹಾಕಿ ಹೋದಳು. ಬೀಳ್ಕೊಡುಗೆಗೆಂದು ಮೊದಲೇ ಹೇಳಿಟ್ಟಿದ್ದ ತಿಂಡಿಯ ಪೊಟ್ಟಣಗಳನ್ನು ಏನು ಮಾಡುವುದೆಂದು ತಿಳಿಯದೆ ಸಂಜೆ ಸೆಕ್ಯೂರಿಟಿಯವರಿಗೆ ಕೊಟ್ಟೆವು.

ಗುರುವಾರ ಮಧ್ಯಾಹ್ನಕ್ಕೆ ಮುಂಚೆ ಅವಳು ಮತ್ತೆ ಬಂದು ನನ್ನ ಮೇಜಿನ ಮುಂದೆ ನಿಂತಳು. ಕೈಯಲ್ಲಿ ಒಂದು ಕಾಗದ.

“ನಿನ್ನೆ ಇಡೀ ದಿನ ಮನೆಯಲ್ಲಿ ಕೂತಿದ್ದೆ ಮೇಡಂ. ಅವಳ ಹಾಸಿಗೆ ಮಡಚಿಟ್ಟಿದ್ದೇನೆ. ಮತ್ತೆ ಮಾಡಲಿಕ್ಕೆ ಕೆಲಸ ಎಂತದೂ ಇಲ್ಲ. ನನಗೆ ಅಲ್ಲಿ ಇರಲಿಕ್ಕೆ ಆಗುವುದಿಲ್ಲ. ರಾಜೀನಾಮೆ ವಾಪಸ್ ತೆಗೆದುಕೊಳ್ಳಲಿಕ್ಕೆ ಆಗುತ್ತದಾ?”

ಕಾಗದದಲ್ಲಿ ಅದನ್ನೇ ಮೂರು ಸಾಲಿನಲ್ಲಿ ಬರೆದಿದ್ದಳು. ನಾನು ಅದಕ್ಕೆ ಇನ್‌ವರ್ಡ್ ಸೀಲ್ ಹೊಡೆದೆ. ತಾರೀಕಿನ ಕೆಳಗೆ ವೇಳೆಯನ್ನೂ ಬರೆದೆ. ಅವಳನ್ನು ಕೂರಿಸಿ ಮ್ಯಾನೇಜರ್ ಹತ್ತಿರ ಹೋದೆ.

ಅವರು ಕಾಗದವನ್ನು ಎರಡು ಸಲ ಓದಿದರು. “ಪಾಪ. ಆದರೆ ಮೊನ್ನೆಯೇ ಮುಗಿಯಿತಲ್ಲ. ನೋಟಿಸ್ ಪಿರಿಯಡ್ ಮುಗಿಯುವ ಮೊದಲು ಬರೆದುಕೊಟ್ಟರೆ ಹಿಂದಕ್ಕೆ ತೆಗೆದುಕೊಳ್ಳಬಹುದು ಅಂತ ಅಗ್ರಿಮೆಂಟಿನಲ್ಲೇ ಉಂಟು. ಮುಗಿದ ಮೇಲೆ ಹೊಸ ನೇಮಕಾತಿಯೇ ಆಗಬೇಕು. ಹೆಡ್ ಆಫೀಸಿನವರು ಈ ವರ್ಷ ಹೊಸಬರನ್ನು ತೆಗೆದುಕೊಳ್ಳಲು ಬಿಡುವುದಿಲ್ಲ. ಆ ಜಾಗಕ್ಕೆ ಒಳಗಿನವರನ್ನೇ ಹಾಕಿ ಅಂತ ಹೇಳಿಯಾಗಿದೆ.”

“ಸರ್, ಹದಿನಾರು ಎನ್ನುವ ತಾರೀಕು ಹೇಗೆ ಬಂತು?” ಎಂದೆ.

ಅವರು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಹೆಡ್ ಆಫೀಸಿನಿಂದ ಬಂದ ಎಕ್ಸೆಲ್ ಹಾಳೆ. ರಾಜೀನಾಮೆಯ ತಾರೀಕು ಹಾಕಿದರೆ ಕೊನೆಯ ದಿನವನ್ನು ಅದೇ ಹೇಳುತ್ತದೆ.

ನಾನು ಅವಳ ಫೈಲು ತಂದು ಅಗ್ರಿಮೆಂಟ್ ತೆಗೆದೆ. ಬೇರೆ ಕಡೆಗಳಲ್ಲಿ ಒಂದು ತಿಂಗಳು, ಎರಡು ತಿಂಗಳು ಎಂದು ಇರುತ್ತದೆ. ಅಲ್ಲಿ ಭಾನುವಾರ, ಹಬ್ಬ ಎಲ್ಲವೂ ಲೆಕ್ಕದ ಒಳಗೇ. ನಮ್ಮದರಲ್ಲಿ ಹಾಗಿಲ್ಲ. ಮೂವತ್ತು ಕೆಲಸದ ದಿನ ಎಂದು ಬರೆದಿದೆ. ರಾಜೀನಾಮೆ ಕೈಸೇರಿದ ಮರುದಿನದಿಂದ ಎಣಿಸಬೇಕು. ವಾರದ ರಜೆಯನ್ನೂ, ನೌಕರ ಕೆಲಸ ಮಾಡುವ ಘಟಕದ ವಾರ್ಷಿಕ ರಜಾಪಟ್ಟಿಯಲ್ಲಿ ಇರುವ ರಜೆಗಳನ್ನೂ ಬಿಡಬೇಕು. ನಾನು ಆ ಸಾಲನ್ನು ಗಟ್ಟಿಯಾಗಿ ಓದಿದೆ.

“ಮರುದಿನದಿಂದ,” ಎಂದರು ಮ್ಯಾನೇಜರ್. ಹಾಳೆಯನ್ನು ನೋಡಿದರು. ಅದು ಹನ್ನೊಂದನೇ ತಾರೀಕನ್ನೇ ಒಂದನೆಯ ದಿನ ಎಂದು ಹಿಡಿದಿತ್ತು. “ಸರಿ, ಒಂದು ದಿನ ಹೆಚ್ಚಾಯಿತು. ಆದರೂ ನಿನ್ನೆ ಬುಧವಾರಕ್ಕೆ ಮುಗಿಯುತ್ತದೆ. ಇವತ್ತು ಗುರುವಾರ.”

ಅದೂ ನಿಜ. ನಾನು ಗೋಡೆಯ ಕ್ಯಾಲೆಂಡರ್ ತೆಗೆದು ಮೇಜಿನ ಮೇಲಿಟ್ಟು ಪೆನ್ಸಿಲಿನಲ್ಲಿ ಒಂದೊಂದೇ ದಿನಕ್ಕೆ ಸಂಖ್ಯೆ ಹಾಕಲು ಶುರು ಮಾಡಿದೆ. ಆಗಸ್ಟ್ ಹನ್ನೆರಡು ಮಂಗಳವಾರ ಒಂದು. ಹದಿನೈದು ಸ್ವಾತಂತ್ರ್ಯ ದಿನ, ಬಿಟ್ಟೆ. ಹದಿನಾರರ ಚೌಕದಲ್ಲಿ ಕೆಂಪಕ್ಷರದಲ್ಲಿ ಕೃಷ್ಣ ಜನ್ಮಾಷ್ಟಮಿ ಎಂದಿತ್ತು. ಅದು ಬೇರೆ ಊರುಗಳಿಗೆ. ಉಡುಪಿಯಲ್ಲಿ ಸೌರಮಾನದ ಅಷ್ಟಮಿ, ಈ ಸಲ ಅದು ಬಂದದ್ದು ತಿಂಗಳ ನಂತರ. ಆ ಶನಿವಾರ ನಮ್ಮಲ್ಲಿ ಮೆಷಿನ್ ಓಡಿತ್ತು, ಆದ್ದರಿಂದ ಎಣಿಸಿದೆ. ಇಪ್ಪತ್ತೇಳು ಚೌತಿ, ಬಿಟ್ಟೆ. ಆಗಸ್ಟ್ ಕೊನೆಯಲ್ಲಿ ಮಳೆಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟಿದ್ದರು. ಅದನ್ನೂ ಬಿಟ್ಟರೆ ಅವಳಿಗೆ ಇನ್ನೂ ಅನುಕೂಲ ಎಂದು ಒಂದು ಕ್ಷಣ ಆಸೆಯಾಯಿತು. ಆದರೆ ಆ ರಜೆ ಶಾಲೆ ಕಾಲೇಜುಗಳಿಗೆ. ನಮ್ಮವರು ಕೊಡೆ ಹಿಡಿದುಕೊಂಡು ಬಂದು ಪಂಚ್ ಮಾಡಿದ್ದರು, ಅವಳೂ ಕೂಡ. ಎಣಿಸಿದೆ. ಸೆಪ್ಟೆಂಬರ್ ಐದು ಈದ್ ಮಿಲಾದ್, ಸರಕಾರಿ ರಜೆ. ನಮ್ಮ ಘಟಕದ ಪಟ್ಟಿಯಲ್ಲಿ ಅದು ಇಲ್ಲ, ಅದನ್ನೂ ಎಣಿಸಿದೆ. ಭಾನುವಾರಗಳನ್ನೆಲ್ಲ ಬಿಟ್ಟುಕೊಂಡು ಬಂದು ಸೆಪ್ಟೆಂಬರ್ ಹದಿಮೂರರ ಶನಿವಾರ ಇಪ್ಪತ್ತೇಳು ಎಂದು ಬರೆದೆ. ಅವಳ ಅಕ್ಕ ಹೋದ ದಿನ.

“ಸೋಮವಾರ ಇಪ್ಪತ್ತೆಂಟು,” ಎಂದರು ಮ್ಯಾನೇಜರ್.

“ಸೋಮವಾರ ವಿಟ್ಲಪಿಂಡಿ ಸರ್.”

“ಹೆಡ್ ಆಫೀಸ್ ಪಟ್ಟಿಯಲ್ಲಿ ಅದು ಇಲ್ಲವಲ್ಲ.”

“ಅವರಿಗೆ ವರಮಹಾಲಕ್ಷ್ಮಿ ವ್ರತದ ರಜೆ. ನಮಗೆ ಅದರ ಬದಲು ಇದು. ನೀವು ಸಹಿ ಹಾಕಿ ಲೇಬರ್ ಆಫೀಸಿಗೆ ಕಳುಹಿಸಿದ ಪಟ್ಟಿಯಲ್ಲೇ ಉಂಟು, ನೋಟಿಸ್ ಬೋರ್ಡಿನಲ್ಲಿ ಹಾಕಿದ್ದೇವೆ. ಸೋಮವಾರ ಗೇಟಿಗೆ ಬೀಗ ಇತ್ತು ಸರ್. ನೀವೂ ಬಂದಿರಲಿಲ್ಲ.”

ಅವರು ಎದ್ದು ಹೋಗಿ ನೋಟಿಸ್ ಬೋರ್ಡನ್ನು ನೋಡಿ ಬಂದರು. ಬೆಂಗಳೂರಿನ ವರಮಹಾಲಕ್ಷ್ಮಿ ರಜೆ ಬಂದದ್ದು ಆಗಸ್ಟ್ ಎಂಟಕ್ಕೆ, ಅವಳ ರಾಜೀನಾಮೆಗೂ ಮೊದಲು. ಹಾಗಾಗಿ ಆ ಹಾಳೆ ಇಲ್ಲಿಯ ಒಂದು ರಜೆಯನ್ನು ನುಂಗಿ, ಅದರ ಬದಲಿಗೆ ಯಾವುದನ್ನೂ ಕೊಟ್ಟಿರಲಿಲ್ಲ. ನಾನು ಎಣಿಕೆ ಮುಂದುವರಿಸಿದೆ. ಮಂಗಳವಾರ ಇಪ್ಪತ್ತೆಂಟು, ಬುಧವಾರ ಇಪ್ಪತ್ತೊಂಬತ್ತು, ಗುರುವಾರ ಮೂವತ್ತು. ಗುರುವಾರವೆಂದರೆ ನಾವು ಕೂತಿದ್ದ ಆ ದಿನವೇ.

ಮ್ಯಾನೇಜರ್ ಪೆನ್ಸಿಲ್ ತೆಗೆದುಕೊಂಡು ತಾವೇ ಇನ್ನೊಮ್ಮೆ ಮೊದಲಿನಿಂದ ಎಣಿಸಿದರು. ಅಲ್ಲಿಗೇ ಬಂದು ನಿಂತಿತು. ವಾದಿಸುವ ಜಾತಿ ಅಲ್ಲ ಅವರು. ನನ್ನನ್ನೂ ಕರೆದುಕೊಂಡು ಘಟಕದ ಮುಖ್ಯಸ್ಥರ ಕೋಣೆಗೆ ಹೋದರು. ಮುಖ್ಯಸ್ಥರು ಕೇಳಿದ್ದು ಎರಡೇ ಪ್ರಶ್ನೆ.

“ಮೂವತ್ತನೇ ದಿನ ಕೊಟ್ಟರೆ ಅದು ಮುಗಿಯುವ ಮೊದಲು ಅಂತ ಆಗುತ್ತದಾ?”

“ಇವತ್ತಿನ ದಿನ ಇನ್ನೂ ಮುಗಿದಿಲ್ಲ ಸರ್. ಮಧ್ಯಾಹ್ನಕ್ಕೆ ಮೊದಲೇ ಸೀಲ್ ಆಗಿದೆ,” ಎಂದರು ಮ್ಯಾನೇಜರ್.

“ನಿನ್ನೆ ಇವತ್ತು ಆಕೆ ಕೆಲಸಕ್ಕೆ ಬರಲಿಲ್ಲವಲ್ಲ?”

“ನಮ್ಮ ತಪ್ಪು ಪತ್ರದಿಂದ ಬರಲಿಲ್ಲ. ಗೈರುಹಾಜರಿ ಎಂದು ಹಾಕಲಿಕ್ಕೆ ಬರುವುದಿಲ್ಲ,” ಎಂದೆ ನಾನು.

ಅವರು ಕಾಗದದ ಅಂಚಿನಲ್ಲಿ ಒಪ್ಪಿಗೆ ಎಂದು ಬರೆದು ಸಹಿ ಹಾಕಿದರು. ಹೊರಗೆ ಬರುವಾಗ ನನಗೆ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ. ಆ ಸಂತೋಷದಲ್ಲೇ ನಾನು ಅಗ್ರಿಮೆಂಟನ್ನೂ ಕ್ಯಾಲೆಂಡರನ್ನೂ ಹಿಡಿದುಕೊಂಡು ಅವಳ ಎದುರು ಕೂತೆ. ಕೆಲಸ ಉಳಿಯಿತು ಎಂದೆ. ಅದು ದಯೆಯಿಂದ ಸಿಕ್ಕಿದ್ದಲ್ಲ, ಅವಳ ಹಕ್ಕಿನಿಂದಲೇ ಎಂದು ಗೊತ್ತಾಗಲಿ ಎಂದು, ಹೇಗೆ ಎಣಿಸಬೇಕಿತ್ತು, ಅವರು ಹೇಗೆ ಎಣಿಸಿದರು ಎಂದು ತೋರಿಸಿದೆ. ನೋಟಿಸ್ ಅವಧಿಯ ಕಲಮಿನ ಮೇಲೆ ಬೆರಳಿಟ್ಟು, ಇಲ್ಲಿ ಓದಿ ಎಂದೆ.

ಅವಳು ಓದಿದಳು. ಪುಟಗಳ ಕ್ರಮ ನೋಡಿ ಅಭ್ಯಾಸವಾದ ಕಣ್ಣು, ನನ್ನ ಬೆರಳು ಇದ್ದಲ್ಲಿ ನಿಲ್ಲಲಿಲ್ಲ, ಕೆಳಗೆ ಇಳಿಯಿತು.

“ಇದು ಎಂತ ಮೇಡಂ?”

ಅದರ ಕೆಳಗಿನ ಉಪಕಲಂ. ನೋಟಿಸ್ ಅವಧಿಯಲ್ಲಿ ರಜೆ ಮಂಜೂರಾಗುವುದಿಲ್ಲ. ಆದರೆ ನೌಕರರು ಬರೆದು ಕೇಳಿಕೊಂಡರೆ ಬಾಕಿ ಇರುವ ಗಳಿಕೆ ರಜೆಯ ದಿನಗಳನ್ನು ನೋಟಿಸ್ ಅವಧಿಯಲ್ಲಿ ಕಳೆದು, ಅಷ್ಟು ಮೊದಲೇ ಬಿಡುಗಡೆ ಮಾಡಬಹುದು.

“ಇದು ಆಗಲೂ ಇತ್ತಾ?”

“ಅಗ್ರಿಮೆಂಟಿನಲ್ಲಿ ಮೊದಲಿನಿಂದಲೂ ಉಂಟು,” ಎಂದೆ. ಹೇಳಿದ ಮೇಲೆ ನನಗೆ ಅರ್ಥವಾಯಿತು.

“ನನಗೆ ಎಷ್ಟು ರಜೆ ಉಂಟು?”

ನಾನು ನೋಡಬೇಕಾಗಿರಲಿಲ್ಲ, ಆದರೂ ನೋಡಿದೆ. ಹನ್ನೆರಡು ದಿನ. ಅಕ್ಕ ಹಾಸಿಗೆ ಹಿಡಿದ ಮೇಲೆ ಕೊನೆಗೆ ಬೇಕಾಗುತ್ತದೆ ಎಂದು ಅವಳು ಮುಟ್ಟದೆ ಉಳಿಸಿದ್ದು.

ಅವಳು ಕ್ಯಾಲೆಂಡರನ್ನು ತನ್ನ ಕಡೆ ತಿರುಗಿಸಿಕೊಂಡಳು. ಮೂವತ್ತರಲ್ಲಿ ಹನ್ನೆರಡು ಕಳೆದು, ನಾನು ಪೆನ್ಸಿಲಿನಲ್ಲಿ ಬರೆದಿದ್ದ ಹದಿನೆಂಟನ್ನು ಬೆರಳಿನಲ್ಲಿ ಹುಡುಕಿದಳು. ಬೆರಳು ಸೆಪ್ಟೆಂಬರ್ ಮೂರು, ಬುಧವಾರದ ಮೇಲೆ ನಿಂತಿತು. ಅಲ್ಲಿಂದ ನಿಧಾನವಾಗಿ ಗುರುವಾರಕ್ಕೆ ಸರಿದು, ಮುಂದಿನ ಸಾಲಿಗೆ ಇಳಿದು, ಹದಿಮೂರರವರೆಗೆ ಹೋಯಿತು. ಹತ್ತು ಚೌಕಗಳು.

ಅಳಲಿಲ್ಲ, ಬೈಯಲಿಲ್ಲ. “ನಾನು ರಜೆ ಕೊಡಿ ಅಂತ ಕೇಳಿದೆ. ಕೇಳಬೇಕಾಗಿದ್ದದ್ದು ಬೇರೆ ಮಾತು, ಅಲ್ವಾ?” ಎಂದಳು.

ಮ್ಯಾನೇಜರ್ ಬಾಗಿಲಿನ ಹತ್ತಿರ ನಿಂತಿದ್ದರು. ಯಾವಾಗ ಬಂದರೋ ನಾನು ನೋಡಿರಲಿಲ್ಲ. “ನನಗೆ ಆಗ ಹೊಳೆಯಲಿಲ್ಲಮ್ಮ,” ಎಂದರು. ಅವಳು ತಲೆಯಾಡಿಸಿದಳು. ಅವರನ್ನು ಕ್ಷಮಿಸಿದಳೋ, ಕೇಳಿಸಿತು ಎಂದಷ್ಟೇ ಹೇಳಿದಳೋ ಗೊತ್ತಿಲ್ಲ. ಗುರುತಿನ ಚೀಟಿ ವಾಪಸ್ ಕೊಟ್ಟೆ. ಸೆರಗಿನ ಒಳಗೆ ಹಿಡಿದುಕೊಂಡು ಹೋದಳು.

ಶುಕ್ರವಾರದಿಂದ ಅವಳು ಮತ್ತೆ ಬೈಂಡಿಂಗ್‌ನಲ್ಲಿದ್ದಳು. ಎಂದಿನ ಬಸ್ಸಿಗೆ ಬರುವುದನ್ನು ಬಿಟ್ಟಳು. ನನ್ನ ಮೇಲೆ ಸಿಟ್ಟೇನೋ ಎಂದುಕೊಂಡೆ. ಇರಬಹುದು, ಇರದಿರಬಹುದು. ಆ ಅಗ್ರಿಮೆಂಟನ್ನು ಅವಳ ಮುಂದೆ ತೆರೆದವಳು ನಾನೇ ತಾನೆ. ಕೆಲಸ ಉಳಿಯಿತು ಎಂದಷ್ಟೇ ಹೇಳಿ ಕಳುಹಿಸಿದ್ದರೆ ಅವಳಿಗೆ ಇದು ತಿಳಿಯುತ್ತಲೇ ಇರಲಿಲ್ಲ ಎಂದು ಎಷ್ಟೋ ಸಲ ಅನಿಸಿದೆ. ತಿಳಿಯದಿರುವುದು ಒಳ್ಳೆಯದಿತ್ತೇ ಎಂದೂ ಕೇಳಿಕೊಳ್ಳುತ್ತೇನೆ.

ಮ್ಯಾನೇಜರ್ ಆ ವಾರವೇ ಹೆಡ್ ಆಫೀಸಿಗೆ ಬರೆದು ಹಾಳೆಯನ್ನು ಸರಿಪಡಿಸಿದರು. ಪ್ರತಿ ಘಟಕಕ್ಕೂ ಅದರದೇ ರಜಾಪಟ್ಟಿ, ಎಣಿಕೆ ಮರುದಿನದಿಂದ. ರಾಜೀನಾಮೆ ಸ್ವೀಕಾರದ ಪತ್ರದಲ್ಲಿ ಈಗ ಎಷ್ಟು ರಜೆ ಬಾಕಿ ಇದೆ, ಅದನ್ನು ನೋಟಿಸ್ ಅವಧಿಯಲ್ಲಿ ಕಳೆಯಲು ಕೇಳಬಹುದು ಎಂಬ ಸಾಲೂ ಇರುತ್ತದೆ. ಅವರು ಅವಳ ಬಗ್ಗೆ ನನ್ನ ಹತ್ತಿರ ಮತ್ತೆ ಮಾತಾಡಿಲ್ಲ.

ಬೊಜ್ಜದ ದಿನ ನಾನು ಕಾಪುವಿಗೆ ಹೋದೆ. ಅವಳು ಅದಕ್ಕೆ ತೆಗೆದುಕೊಂಡದ್ದು ಒಂದೇ ದಿನ ರಜೆ. ಊಟ ಮುಗಿದು ನೆಂಟರೆಲ್ಲ ಎದ್ದ ಮೇಲೆ ಜಗಲಿಯಲ್ಲಿ ನಾವಿಬ್ಬರೇ ಉಳಿದೆವು. ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಹೊಲಿಗೆ ಮೆಷಿನ್ ಮೇಲೆ ಒಂದು ಬೆಡ್‌ಶೀಟ್ ಮುಚ್ಚಿತ್ತು.

“ಅವಳು ದಿನಾ ಕೇಳುತ್ತಿದ್ದಳು ಮೇಡಂ,” ಎಂದಳು. “ನಾನು ಸಂಜೆ ಬಂದ ಕೂಡಲೇ, ಇನ್ನೆಷ್ಟು ದಿನ ಕೆಲಸ ಉಂಟು ಅಂತ. ನೋವು ಜೋರಾದ ಮೇಲೆ ಮಾತು ಕಡಿಮೆ, ಬೆರಳು ತೋರಿಸುತ್ತಿದ್ದಳು, ಎಷ್ಟು ಅಂತ. ನಾನು ಪತ್ರ ನೋಡಿ ಹೇಳುತ್ತಿದ್ದೆ.”

ನಾನು ಅವಳ ಕಡೆಗೆ ಸ್ವಲ್ಪ ಸರಿದು ಕೂತೆ.

“ಶನಿವಾರ ಬೆಳಿಗ್ಗೆ ಹೊರಡುವಾಗಲೂ ಕೇಳಿದಳು. ಇವತ್ತೊಂದು, ಮತ್ತೆ ಮಂಗಳವಾರ ಒಂದು, ಎರಡೇ ದಿನ ಅಂದೆ. ನೀವು ಎಣಿಸಿದ ಹಾಗೆ ನೋಡಿದರೆ ನಾಲ್ಕು ಇತ್ತು, ಅಲ್ವಾ?”

“ಹೌದು. ನಾಲ್ಕು.”

“ಎರಡು ಅಂದದ್ದಕ್ಕೆ ಅವಳಿಗೆ ಖುಷಿಯಾಗಿತ್ತು,” ಎಂದಳು. “ಸೀರೆ ತೆಗೆದಿಡು, ಮಂಗಳವಾರ ಸಂಜೆ ನನ್ನನ್ನು ಹೊರಗೆ ಜಗಲಿಯಲ್ಲಿ ಕೂರಿಸು ಅಂದಳು.”

ಯಾವ ಸೀರೆ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಒಳಗಿನಿಂದ ಯಾರೋ ಅವಳನ್ನು ಕರೆದರು. ಉಳಿದ ಅನ್ನ ಏನು ಮಾಡುವುದು ಎಂದು ಕೇಳುತ್ತಿದ್ದರು. ಅವಳು ಎದ್ದು ಹೋದಳು. ನಾನು ಚಪ್ಪಲಿ ಹಾಕಿಕೊಂಡು ಹೆದ್ದಾರಿಯ ಕಡೆಗೆ ನಡೆದೆ.